ಮೂರು ನಷ್ಟ, ಒಂದು ಗಂಟೆ ವಿರಾಮ

2020ರ ಮಾರ್ಚ್ 13ರ ಶುಕ್ರವಾರ ಬೆಳಿಗ್ಗೆ ಷೇರುಪೇಟೆ ಬಾಗಿಲು ತೆರೆದ ಕೆಲವೇ ನಿಮಿಷಗಳಲ್ಲಿ ನಿಫ್ಟಿ ಶೇ 10ರಷ್ಟು ಕುಸಿದು ವಹಿವಾಟು ತಾನಾಗಿಯೇ ನಿಂತುಹೋಯಿತು. ಕೊರೊನಾ ಭಯ ಜಗತ್ತಿನ ಎಲ್ಲ ಪೇಟೆಗಳನ್ನು ಹಿಡಿದು ಅಲುಗಾಡಿಸುತ್ತಿದ್ದ ದಿನಗಳವು. ಮುಂದಿನ 45 ನಿಮಿಷ ಯಾರೂ ಕೊಳ್ಳುವಂತಿರಲಿಲ್ಲ, ಮಾರುವಂತಿರಲಿಲ್ಲ. ಪೇಟೆ ಮತ್ತೆ ತೆರೆದಾಗ ಚೇತರಿಸಿಕೊಂಡಿತು, ಸಂಜೆಯ ಹೊತ್ತಿಗೆ ಸೆನ್ಸೆಕ್ಸ್ 1,300ಕ್ಕೂ ಹೆಚ್ಚು ಅಂಶ ಏರಿತ್ತು. ಹತ್ತು ದಿನ ಕಳೆದು, 23ರ ಸೋಮವಾರ, ಪೇಟೆ ಮತ್ತೆ ಶೇ 10ರಷ್ಟು ಬಿತ್ತು, ಮತ್ತೆ 45 ನಿಮಿಷ ನಿಂತಿತು. ಆದರೆ ಆ ದಿನ ವಿರಾಮ ಮುಗಿದ ಮೇಲೂ ಬೀಳುತ್ತಲೇ ಹೋಗಿ ಶೇ 13ರಷ್ಟು ನಷ್ಟದಲ್ಲಿ ಮುಗಿಯಿತು.

ಈ ನಿಲುಗಡೆಯ ನಿಯಮವನ್ನು ಸೆಬಿ 2001ರ ಜುಲೈನಲ್ಲಿ ಜಾರಿಗೆ ತಂದಿತು. ಈಗಿರುವ ರೂಪದಲ್ಲಿ, ಮಧ್ಯಾಹ್ನ ಒಂದು ಗಂಟೆಯೊಳಗೆ ಸೂಚ್ಯಂಕ ಶೇ 10ರಷ್ಟು ಅಲುಗಿದರೆ 45 ನಿಮಿಷ ವಿರಾಮ, ಒಂದರಿಂದ ಎರಡೂವರೆಯೊಳಗಾದರೆ 15 ನಿಮಿಷ. ಶೇ 20 ಮುಟ್ಟಿದರೆ ಆ ದಿನದ ಆಟ ಮುಗಿಯಿತು. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಎರಡು ಅಂಶ. ಯಾವಾಗ ನಿಲ್ಲಬೇಕೆಂಬುದೂ ಎಷ್ಟು ಹೊತ್ತು ನಿಲ್ಲಬೇಕೆಂಬುದೂ ಮೊದಲೇ ಸಂಖ್ಯೆಯಲ್ಲಿ ಬರೆದಿಟ್ಟಿವೆ. ಗಾಬರಿಯ ನಡುವೆ ಕುಳಿತು ಯಾರೂ ತೀರ್ಮಾನಿಸಬೇಕಿಲ್ಲ. ಜೊತೆಗೆ, ವಿರಾಮದ ನಂತರ ಪೇಟೆ ಏರುತ್ತದೆ ಎಂಬ ಭರವಸೆಯನ್ನೂ ಅದು ಕೊಡುವುದಿಲ್ಲ. 13ರಂದು ಏರಿತು, 23ರಂದು ಬಿತ್ತು. ನಿಯಮ ಎರಡೂ ದಿನ ತನ್ನ ಕೆಲಸವನ್ನಷ್ಟೇ ಮಾಡಿತು.

ಇಡೀ ಪೇಟೆಗೆ ಹೀಗೊಂದು ತಡೆ ಇದೆ. ಆದರೆ ಅದೇ ಪೇಟೆಯಲ್ಲಿ ಮೊಬೈಲ್ ಹಿಡಿದು ದಿನಕ್ಕೆ ಹತ್ತು ಸಲ ಕೊಂಡು ಮಾರುವ ಒಬ್ಬ ವ್ಯಕ್ತಿಯ ಖಾತೆ ಶೇ 10ರಷ್ಟು ಕುಸಿದರೆ ತಡೆಯುವ ಗೋಡೆ ಯಾವುದೂ ಇಲ್ಲ. ಆ ಗೋಡೆಯನ್ನು ಅವರೇ ಕಟ್ಟಿಕೊಳ್ಳಬೇಕು. ಹೇಗೆ ಕಟ್ಟಿಕೊಳ್ಳಬಹುದು, ಅದು ಎಲ್ಲಿ ಬಿರುಕು ಬಿಡುತ್ತದೆ ಎಂಬುದು ಈ ಲೇಖನದ ವಿಷಯ. ವಿಷಯ ಚಿಕ್ಕದಲ್ಲ ಎನ್ನುವುದಕ್ಕೆ ಸೆಬಿಯದೇ ಲೆಕ್ಕವಿದೆ. 2024ರ ಸೆಪ್ಟೆಂಬರ್‌ನಲ್ಲಿ ಅದು ಪ್ರಕಟಿಸಿದ ಅಧ್ಯಯನದ ಪ್ರಕಾರ, 2021–22ರಿಂದ 2023–24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಆಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಹೂಡಿಕೆದಾರರಲ್ಲಿ ಶೇ 93ರಷ್ಟು ಜನ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಇದರಲ್ಲಿ ಎಷ್ಟು ಪಾಲು ಸೇಡಿನ ಟ್ರೇಡ್‌ಗಳದ್ದು ಎಂದು ಆ ಅಂಕಿಗಳಿಂದ ತಿಳಿಯದು. ಆದರೆ ಟ್ರೇಡ್ ಮಾಡುವ ಯಾರನ್ನೇ ಕೇಳಿ, ತಮ್ಮ ಅತಿ ಕೆಟ್ಟ ದಿನ ಹೇಗಿತ್ತು ಎಂದು. ಹೆಚ್ಚಿನವರ ಉತ್ತರ ಒಂದೇ ಬಗೆಯದು: ‘ಹೋದದ್ದನ್ನು ರಿಕವರ್ ಮಾಡೋಕೆ ಹೋದೆ.’

ಆ ದಿನ ಹೇಗಿರುತ್ತದೆಂದು ಬಿಡಿಬಿಡಿಯಾಗಿ ನೋಡೋಣ. ಇದು ವಿವರಣೆಗಾಗಿ ನಾನು ಕಟ್ಟಿದ ಉದಾಹರಣೆ, ಆದರೆ ಇದರ ಆಕಾರ ಟ್ರೇಡರ್‌ಗಳಿಗೆ ಚೆನ್ನಾಗಿ ಪರಿಚಿತ. ಎರಡು ಲಕ್ಷ ರೂಪಾಯಿ ಬಂಡವಾಳವಿರುವ ಒಬ್ಬರು ನಿಫ್ಟಿ ಆಪ್ಷನ್ ಕೊಳ್ಳುತ್ತಾರೆ. ಸೂಚ್ಯಂಕ ಏರುತ್ತದೆ ಅನ್ನಿಸಿದರೆ ಕಾಲ್, ಇಳಿಯುತ್ತದೆ ಅನ್ನಿಸಿದರೆ ಪುಟ್. ಒಂದು ಟ್ರೇಡ್‌ನಲ್ಲಿ ಹೆಚ್ಚೆಂದರೆ ಸಾವಿರ ರೂಪಾಯಿ, ಅಂದರೆ ಬಂಡವಾಳದ ಶೇ ಅರ್ಧದಷ್ಟು ಮಾತ್ರ ಕಳೆದುಕೊಳ್ಳಬೇಕೆಂಬುದು ಅವರ ಲೆಕ್ಕ. ಅದಕ್ಕೆ ತಕ್ಕಂತೆ ಸ್ಟಾಪ್‌ಲಾಸ್ ಇಡುತ್ತಾರೆ.

ಬೆಳಿಗ್ಗೆ 9:32ಕ್ಕೆ ಒಂದು ಲಾಟ್ ಕಾಲ್ ಕೊಂಡರು, 9:46ಕ್ಕೆ ಸ್ಟಾಪ್‌ಲಾಸ್ ಹೊಡೆಯಿತು, ಸಾವಿರ ರೂಪಾಯಿ ಹೋಯಿತು. ಹತ್ತೊಂಬತ್ತು ನಿಮಿಷ ಕಾದು 10:05ಕ್ಕೆ ಇನ್ನೊಂದು ಎಂಟ್ರಿ. 10:21ಕ್ಕೆ 1,100 ನಷ್ಟ. ಮತ್ತೆ ಹದಿನೇಳು ನಿಮಿಷ ಬಿಟ್ಟು 10:38ಕ್ಕೆ ಮೂರನೆಯದು. 10:44ಕ್ಕೆ 1,050 ನಷ್ಟ. ಇಲ್ಲಿಯವರೆಗೆ ತಪ್ಪೇನೂ ನಡೆದಿಲ್ಲ. ಮೂರೂ ಅವರದೇ ವಿಧಾನದ ಪ್ರಕಾರ ತೆಗೆದುಕೊಂಡ ಟ್ರೇಡ್‌ಗಳು, ಮೂರೂ ಲೆಕ್ಕದೊಳಗಿನ ನಷ್ಟಗಳು, ಒಟ್ಟು 3,150 ರೂಪಾಯಿ. ಇಂಥ ಬೆಳಗು ಒಳ್ಳೆಯ ಟ್ರೇಡರ್‌ಗೂ ಬರುತ್ತದೆ.

ಮುಂದಿನ ಎಂಟ್ರಿ 10:45ಕ್ಕೆ. ಹಿಂದಿನದರಿಂದ ಹೊರಬಂದು ಒಂದೇ ನಿಮಿಷ ಆಗಿದೆ. ಲಾಟ್ ಎರಡಾಗಿದೆ, ಏಕೆಂದರೆ ಒಂದೇ ಲಾಟ್‌ನಲ್ಲಿ 3,150 ವಾಪಸ್ ಬರುವುದು ನಿಧಾನ. 10:51ಕ್ಕೆ 2,300 ನಷ್ಟ. 10:52ಕ್ಕೆ ಕಾಲ್ ಬಿಟ್ಟು ಪುಟ್‌ಗೆ ಹಾರಿದರು, ಈಗ ನಾಲ್ಕು ಲಾಟ್. 11:03ಕ್ಕೆ 4,400 ನಷ್ಟ. 11:04ಕ್ಕೆ ಮತ್ತೆ ನಾಲ್ಕು ಲಾಟ್, ಈ ಸಲ ಸ್ಟಾಪ್‌ಲಾಸ್ ಇಲ್ಲ, ‘ಒಂದು ಸಲ ಮೇಲೆ ಬಂದರೆ ಸಾಕು, ಹೊರಗೆ ಬಂದುಬಿಡ್ತೀನಿ’ ಎಂಬ ಕಾಯುವಿಕೆ ಮಾತ್ರ. 11:50ಕ್ಕೆ ಕೈಚೆಲ್ಲಿದಾಗ 9,800 ಹೋಗಿತ್ತು. ದಿನದ ಒಟ್ಟು ನಷ್ಟ 19,650. ಎರಡು ಲಕ್ಷದ ಖಾತೆಯಲ್ಲಿ ಹೆಚ್ಚೂಕಡಿಮೆ ಶೇ 10.

ಈ ಆರು ಟ್ರೇಡ್‌ಗಳಲ್ಲಿ ಮೊದಲ ಮೂರಕ್ಕೂ ಕೊನೆಯ ಮೂರಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಲು ಮನಸ್ಸಿನೊಳಗೆ ಇಣುಕಬೇಕಿಲ್ಲ, ಕಾಗದದ ಮೇಲೇ ಕಾಣುತ್ತದೆ. ನಷ್ಟ ಮತ್ತು ಮುಂದಿನ ಎಂಟ್ರಿಯ ನಡುವಿನ ಅಂತರ ಹದಿನೇಳು ನಿಮಿಷದಿಂದ ಒಂದು ನಿಮಿಷಕ್ಕೆ ಕುಸಿದಿದೆ. ಲಾಟ್ ಒಂದು, ಎರಡು, ನಾಲ್ಕು ಎಂದು ಹೆಚ್ಚಿದೆ. ಕೊನೆಗೆ ಸ್ಟಾಪ್‌ಲಾಸ್ ಮಾಯವಾಗಿದೆ. ‘ನಾನು ಸೇಡಿನಿಂದ ಮಾಡ್ತಿಲ್ಲ, ನಿಜವಾಗಿಯೂ ಚಾನ್ಸ್ ಕಾಣಿಸ್ತು’ ಎಂದು ಆ ಹೊತ್ತಿನಲ್ಲಿ ಎಲ್ಲರೂ ನಂಬುತ್ತಾರೆ, ಪ್ರಾಮಾಣಿಕವಾಗಿಯೇ ನಂಬುತ್ತಾರೆ. ಅದಕ್ಕೇ ಆ ಹೊತ್ತಿನ ಅನ್ನಿಸಿಕೆಯನ್ನು ಸಾಕ್ಷಿಗೆ ಕರೆಯಬಾರದು. ಗಡಿಯಾರ ಮತ್ತು ಲಾಟ್ ಸಂಖ್ಯೆ ಸಾಕು.

ಇದು ಹೊಸಬರ ದೌರ್ಬಲ್ಯ ಮಾತ್ರ ಅಂದುಕೊಳ್ಳುವುದೂ ಬೇಡ. ಶಿಕಾಗೊ ಬೋರ್ಡ್ ಆಫ್ ಟ್ರೇಡ್‌ನಲ್ಲಿ ಸ್ವಂತ ಹಣ ಹಾಕಿ ವೃತ್ತಿಯಾಗಿ ಟ್ರೇಡ್ ಮಾಡುತ್ತಿದ್ದವರ 1998ರ ದಾಖಲೆಗಳನ್ನು ಜೋಶುವಾ ಕೊವಾಲ್ ಮತ್ತು ಟೈಲರ್ ಶಮ್‌ವೇ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದರು. ಬೆಳಿಗ್ಗೆ ನಷ್ಟ ಮಾಡಿಕೊಂಡವರು ಮಧ್ಯಾಹ್ನ ಸರಾಸರಿಗಿಂತ ಹೆಚ್ಚು ಅಪಾಯಕ್ಕೆ ಕೈಹಾಕುವ ಸಾಧ್ಯತೆ, ಬೆಳಿಗ್ಗೆ ಲಾಭ ಮಾಡಿದವರಿಗಿಂತ ಸುಮಾರು ಶೇ 16ರಷ್ಟು ಹೆಚ್ಚಿತ್ತು. ಅದನ್ನೇ ಹೊಟ್ಟೆಪಾಡು ಮಾಡಿಕೊಂಡವರ ಕಥೆ ಇದು. ಇದರ ಬೇರು ಎಲ್ಲಿದೆ ಎಂಬುದಕ್ಕೆ ರಿಚರ್ಡ್ ಥೇಲರ್ ಮತ್ತು ಎರಿಕ್ ಜಾನ್ಸನ್ 1990ರಲ್ಲೇ ಒಂದು ಸುಳಿವು ಕೊಟ್ಟಿದ್ದರು. ನಷ್ಟದಲ್ಲಿರುವ ಮನುಷ್ಯನಿಗೆ ಸೊನ್ನೆಗೆ ಮರಳುವ ದಾರಿಯೊಂದು ಕಂಡರೆ, ಬೇರೆ ಹೊತ್ತಿನಲ್ಲಿ ಮುಟ್ಟದ ಅಪಾಯವನ್ನೂ ಅವನು ಎತ್ತಿಕೊಳ್ಳುತ್ತಾನೆ. ದಿನದ ಟ್ರೇಡರ್‌ಗೆ ಆ ದಾರಿ ಸದಾ ಕಣ್ಣೆದುರಿಗೇ ಇರುತ್ತದೆ. ಸಂಜೆ ಮೂರೂವರೆಯವರೆಗೆ ಪೇಟೆ ತೆರೆದೇ ಇದೆ, ಪರದೆಯ ಮೂಲೆಯಲ್ಲಿ ಇಂದಿನ ಲಾಭ–ನಷ್ಟ ಕೆಂಪು ಅಕ್ಷರದಲ್ಲಿ ಮಿನುಗುತ್ತಿದೆ, ಇವತ್ತಿನ ಲೆಕ್ಕ ಇವತ್ತೇ ಸರಿಮಾಡಬೇಕೆಂಬ ಒತ್ತಾಯ ಹುಟ್ಟುತ್ತದೆ. ನಾಳೆ ಬೆಳಿಗ್ಗೆ ಅದೇ ಸಂಖ್ಯೆ ಸೊನ್ನೆಯಿಂದ ಶುರುವಾದಾಗ ಆ ಒತ್ತಾಯ ಬಹುಪಾಲು ಕರಗಿರುತ್ತದೆ. ವಿರಾಮದ ನಿಯಮ ಮಾಡುವ ಕೆಲಸ ಇಷ್ಟೇ: ತೆರೆದಿರುವ ಆ ಲೆಕ್ಕವನ್ನು ಸಂಜೆಗೂ ಮುಂಚೆ ಒಮ್ಮೆ ಮುಚ್ಚಿಸುವುದು.

ನಮ್ಮ ಉದಾಹರಣೆಗೆ ನಿಯಮವನ್ನು ಹೀಗೆ ಬರೆಯೋಣ. ಒಂದೇ ದಿನ ಸತತ ಮೂರು ಟ್ರೇಡ್ ನಷ್ಟದಲ್ಲಿ ಮುಗಿದರೆ, ಮೂರನೆಯದರ ಎಕ್ಸಿಟ್ ಆದ ನಿಮಿಷದಿಂದ 60 ನಿಮಿಷ ಹೊಸ ಎಂಟ್ರಿ ಇಲ್ಲ. ವಿರಾಮದ ನಂತರ ಒಂದೇ ಲಾಟ್. ಅದರ ಮೇಲೆ ಇನ್ನೊಂದು ನಷ್ಟವಾದರೆ ಆ ದಿನಕ್ಕೆ ಮುಗಿಯಿತು. ಮಧ್ಯಾಹ್ನ ಎರಡೂವರೆಯ ನಂತರ ಮೂರನೆಯ ನಷ್ಟವಾದರೂ ಆ ದಿನಕ್ಕೆ ಮುಗಿಯಿತು.

ಮೂರನೆಯ ನಷ್ಟ ಆದದ್ದು 10:44ಕ್ಕೆ. ಅಲ್ಲಿಂದ 11:44ರವರೆಗೆ ಬಾಗಿಲು ಮುಚ್ಚಿದೆ. 10:45, 10:52, 11:04, ಮುಳುಗಿಸಿದ ಮೂರೂ ಎಂಟ್ರಿಗಳು ಈ ಒಂದು ಗಂಟೆಯೊಳಗೇ ಬೀಳುತ್ತವೆ. ನಷ್ಟ 3,150ಕ್ಕೆ ನಿಲ್ಲುತ್ತದೆ. ಗೆದ್ದ ಟ್ರೇಡ್‌ಗೆ ಸರಾಸರಿ 1,500 ರೂಪಾಯಿ ಬರುತ್ತದೆಂದರೆ, ಅದನ್ನು ತುಂಬಲು ಎರಡು ಮೂರು ಗೆಲುವು ಸಾಕು. 19,650ಕ್ಕೆ ಹದಿಮೂರಕ್ಕೂ ಹೆಚ್ಚು ಗೆಲುವು ಬೇಕು, ಅದೂ ನಡುವೆ ಒಂದೂ ಸೋಲದೆ.

ಈಗ ನಿಯಮದ ಒಂದೊಂದು ಪದಕ್ಕೂ ಅರ್ಥ ಕೊಡಬೇಕು. ಏಕೆಂದರೆ ಬಿಸಿಯೇರಿದ ಹೊತ್ತಿನಲ್ಲಿ ಅರ್ಥ ಸಡಿಲವಿರುವ ಪ್ರತಿಯೊಂದು ಪದವೂ ತಪ್ಪಿಸಿಕೊಳ್ಳುವ ಕಿಂಡಿಯಾಗುತ್ತದೆ. ಮೊದಲು ‘ನಷ್ಟ’. ಬ್ರೋಕರೇಜ್, ಎಸ್‌ಟಿಟಿ, ಜಿಎಸ್‌ಟಿ ಎಲ್ಲ ಕಳೆದ ಮೇಲೆ ಉಳಿಯುವ ಮೊತ್ತವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಪರದೆಯ ಮೇಲೆ ನಲವತ್ತು ರೂಪಾಯಿ ಲಾಭ ತೋರಿಸಿದ ಟ್ರೇಡ್ ಖರ್ಚು ಕಳೆದರೆ ನಷ್ಟವಾಗಿರಬಹುದು. ಎರಡು ಮೂರು ಕಂತಿನಲ್ಲಿ ಕೊಂಡು ಎರಡು ಮೂರು ಕಂತಿನಲ್ಲಿ ಮಾರಿದರೂ ಪೊಸಿಷನ್ ಪೂರ್ತಿ ಮುಚ್ಚುವವರೆಗೆ ಅದು ಒಂದೇ ಟ್ರೇಡ್. ಹಾಗಿಲ್ಲದಿದ್ದರೆ, ಸೋಲುತ್ತಿರುವ ಪೊಸಿಷನ್‌ನ ಒಂದು ಚೂರನ್ನು ಸಣ್ಣ ಲಾಭದಲ್ಲಿ ಮಾರಿ ‘ಇದು ಗೆಲುವು’ ಎಂದು ಎಣಿಕೆಯನ್ನು ಸೊನ್ನೆಗೆ ತರಬಹುದು.

ಸಮಸಮವಾಗಿ ಹೊರಬಂದ ಟ್ರೇಡ್‌ಗಳದ್ದೊಂದು ತೊಡಕಿದೆ. ಇಪ್ಪತ್ತು ರೂಪಾಯಿ ಲಾಭವನ್ನು ಗೆಲುವೆನ್ನಬೇಕೇ? ಅದನ್ನು ಗೆಲುವೆಂದರೆ, ಎರಡು ನಷ್ಟದ ನಂತರ ಹೇಗಾದರೂ ಒಂದು ಚಿಲ್ಲರೆ ಲಾಭ ಗಿಟ್ಟಿಸಿಕೊಂಡು ಎಣಿಕೆ ಅಳಿಸುವ ಆಸೆ ಹುಟ್ಟುತ್ತದೆ. ನಮ್ಮ ಉದಾಹರಣೆಯಲ್ಲಿ ಟ್ರೇಡೊಂದರ ಅಪಾಯ ಸಾವಿರ ರೂಪಾಯಿ. ಅದರ ಐದನೇ ಒಂದು ಭಾಗ, ಅಂದರೆ 200 ರೂಪಾಯಿಗಿಂತ ಕಡಿಮೆ ಲಾಭವಾಗಲಿ ನಷ್ಟವಾಗಲಿ ಎಣಿಕೆಯನ್ನು ಏರಿಸಬಾರದು, ಇಳಿಸಲೂಬಾರದು. ಸ್ಪ್ರೆಡ್‌ಶೀಟ್‌ನಲ್ಲಿ ಇದು ಒಂದೇ ಸಾಲು. F ಕಾಲಂನಲ್ಲಿ ಪ್ರತಿ ಟ್ರೇಡ್‌ನ ನಿವ್ವಳ ಮೊತ್ತ, G ಕಾಲಂನಲ್ಲಿ ಸತತ ನಷ್ಟದ ಎಣಿಕೆ. ದಿನ ಶುರುವಾಗುವಾಗ G2ರಲ್ಲಿ 0 ಬರೆದು, G3ರಿಂದ ಕೆಳಕ್ಕೆ ಹೀಗೆ ಹಾಕಬೇಕು:

```
=IF(F3<=-200, G2+1, IF(F3>=200, 0, G2))
```

ನಷ್ಟವಾದರೆ ಒಂದು ಕೂಡುತ್ತದೆ, ನಿಜವಾದ ಲಾಭವಾದರೆ ಸೊನ್ನೆಗೆ ಬರುತ್ತದೆ, ನಡುವಿನದಾದರೆ ಹಿಂದಿನ ಎಣಿಕೆ ಹಾಗೇ ಉಳಿಯುತ್ತದೆ. 3 ಕಂಡರೆ ವಿರಾಮ.

ಮೂರೇ ಏಕೆ? ಇಲ್ಲಿ ಸ್ವಲ್ಪ ಗಣಿತ ಬೇಕು. ಏಕೆಂದರೆ ಸತತ ಮೂರು ನಷ್ಟವಾದರೆ ತಮ್ಮ ವಿಧಾನವೇ ಕೆಟ್ಟಿತು ಎಂದು ಹಲವರು ಅಂದುಕೊಳ್ಳುತ್ತಾರೆ. ನೂರರಲ್ಲಿ ಐವತ್ತು ಗೆಲ್ಲುವವರಿಗೂ, ಒಂದು ಟ್ರೇಡ್‌ನ ಫಲ ಇನ್ನೊಂದನ್ನು ಮುಟ್ಟುವುದಿಲ್ಲ ಎಂದಿಟ್ಟುಕೊಂಡರೆ, ಯಾವುದೇ ಮೂರು ಟ್ರೇಡ್ ಒಟ್ಟಿಗೆ ಸೋಲುವ ಸಾಧ್ಯತೆ ಎಂಟರಲ್ಲಿ ಒಂದು. ದಿನದ ಗಡಿ ಬದಿಗಿಟ್ಟು ನೋಡಿದರೆ ನೂರು ಟ್ರೇಡ್‌ಗಳಲ್ಲಿ ಇಂಥ ಸರಣಿ ಸುಮಾರು ಆರು ಸಲ ಬರುತ್ತದೆ. ಎಣಿಕೆಯನ್ನು ಎರಡಕ್ಕೆ ಇಟ್ಟರೆ ನೂರರಲ್ಲಿ ಹನ್ನೆರಡು ಸಲ ನಿಲ್ಲಬೇಕಾಗುತ್ತದೆ. ಅಷ್ಟು ಸಲ ಅಡ್ಡ ಬರುವ ನಿಯಮವನ್ನು ಜನ ಎರಡೇ ವಾರದಲ್ಲಿ ಬಿಟ್ಟುಬಿಡುತ್ತಾರೆ. ಐದಕ್ಕೆ ಇಟ್ಟರೆ ಒಂದೆರಡು ಸಲ ಮಾತ್ರ ಎಚ್ಚರಿಕೆ ಗಂಟೆ ಬಾರಿಸುತ್ತದೆ, ಆದರೆ ಅಷ್ಟರೊಳಗೆ ಹಾನಿ ಆಗಿಹೋಗಿರಬಹುದು. ನಮ್ಮ ಉದಾಹರಣೆಯಲ್ಲಿ ಐದನೆಯ ನಷ್ಟದ ಹೊತ್ತಿಗೆ ಲಾಟ್ ನಾಲ್ಕಾಗಿತ್ತು. ಹಾಗಾಗಿ ದಿನಕ್ಕೆ ಐದಾರು ಟ್ರೇಡ್ ಮಾಡಿ ಅರ್ಧದಷ್ಟು ಗೆಲ್ಲುವವರಿಗೆ ಮೂರು ಸರಿಹೊಂದುತ್ತದೆ. ನೂರರಲ್ಲಿ ಮೂವತ್ತೈದು ಮಾತ್ರ ಗೆದ್ದು, ಗೆದ್ದಾಗ ದೊಡ್ಡದಾಗಿ ಗಳಿಸುವ ವಿಧಾನ ಹಿಡಿದವರಿಗೆ ಮೂರು ಟ್ರೇಡ್ ಒಟ್ಟಿಗೆ ಸೋಲುವ ಸಾಧ್ಯತೆ ನಾಲ್ಕರಲ್ಲಿ ಒಂದಕ್ಕಿಂತಲೂ ಹೆಚ್ಚು. ಅಂಥವರು ನಾಲ್ಕಕ್ಕೋ ಐದಕ್ಕೋ ಹೋಗಬೇಕು, ಜೊತೆಗೆ ಲಾಟ್ ಹೆಚ್ಚಿಸುವುದನ್ನು ಬೇರೆಯಾಗಿಯೇ ನಿಷೇಧಿಸಿಕೊಳ್ಳಬೇಕು.

ವಿರಾಮದ ಉದ್ದವನ್ನು ಆಯ್ದುಕೊಳ್ಳಲು ಇನ್ನೂ ಒಳ್ಳೆಯ ಆಧಾರವಿದೆ, ಅದು ಪ್ರತಿಯೊಬ್ಬರ ಸ್ವಂತ ಖಾತೆಯಲ್ಲೇ ಇದೆ. ಬ್ರೋಕರ್‌ನ ಜಾಲತಾಣದಿಂದ ಟ್ರೇಡ್‌ಬುಕ್ ಇಳಿಸಿಕೊಂಡರೆ ಪ್ರತಿ ಆರ್ಡರ್ ನಡೆದ ಹೊತ್ತು ಅದರಲ್ಲಿರುತ್ತದೆ. ಕಳೆದ ಮೂರು ನಾಲ್ಕು ತಿಂಗಳ ಟ್ರೇಡ್‌ಗಳನ್ನು ಸಾಲಾಗಿಟ್ಟು, ನಷ್ಟದಲ್ಲಿ ಹೊರಬಂದ ನಿಮಿಷದಿಂದ ಮುಂದಿನ ಎಂಟ್ರಿಯವರೆಗಿನ ಅಂತರವನ್ನು ಬರೆದು, ಆ ಮುಂದಿನ ಟ್ರೇಡ್ ಎಷ್ಟು ಕೊಟ್ಟಿತು ಅಥವಾ ಕಿತ್ತುಕೊಂಡಿತು ಎಂದು ಪಕ್ಕದಲ್ಲಿ ಬರೆಯಬೇಕು. ಐದು ನಿಮಿಷದೊಳಗಿನವು, ಐದರಿಂದ ಮೂವತ್ತರವು, ಅರ್ಧ ಗಂಟೆ ದಾಟಿದವು ಎಂದು ವಿಂಗಡಿಸಿ ಕೂಡಿದರೆ ಎಲ್ಲಿ ರಕ್ತ ಸೋರುತ್ತಿದೆ ಎಂದು ತಿಳಿಯುತ್ತದೆ. ಸೋರುವ ಗುಂಪನ್ನು ಪೂರ್ತಿ ದಾಟುವಷ್ಟು ಉದ್ದದ ವಿರಾಮ ಬೇಕು. ಹತ್ತು ನಿಮಿಷದ ವಿರಾಮ ಸಾಮಾನ್ಯವಾಗಿ ಸಾಲದು. ಅದನ್ನು ಜನ ಚಾರ್ಟ್ ನೋಡುತ್ತಾ, ಮುಂದಿನ ಎಂಟ್ರಿಯ ಬೆಲೆ ಲೆಕ್ಕ ಹಾಕುತ್ತಾ ಕಳೆಯುತ್ತಾರೆ. ಇಡೀ ದಿನದ ವಿರಾಮವನ್ನೇ ಮೊದಲ ಹೆಜ್ಜೆಗೆ ಇಟ್ಟರೆ ಎಂಟಕ್ಕೊಂದು ಸಾಧ್ಯತೆಯ ಮಾಮೂಲಿ ಸಂಗತಿಗೆ ದಿನವನ್ನೇ ತೆತ್ತಂತಾಗುತ್ತದೆ. ಬೆಳಿಗ್ಗೆ 9:15ರಿಂದ 3:30ರವರೆಗೆ ಪೇಟೆಯಲ್ಲಿರುವುದು 375 ನಿಮಿಷ. ಅದರಲ್ಲಿ ಅರುವತ್ತು ಬಿಟ್ಟರೆ ದುಡಿಮೆಗೆ ಹೊತ್ತು ಇನ್ನೂ ಉಳಿಯುತ್ತದೆ.

ಆಯ್ದುಕೊಂಡ ಉದ್ದ ನಿಗದಿಯಾಗಿರಲೇಬೇಕು. ‘ಮನಸ್ಸು ಶಾಂತವಾಗುವವರೆಗೆ’ ಎಂಬ ವಿರಾಮವನ್ನು ನಾನು ಒಪ್ಪುವುದಿಲ್ಲ. ನಷ್ಟದ ಬಿಸಿಯಲ್ಲಿರುವವರು ತಾವು ಶಾಂತವಾಗಿದ್ದೇವೆಂದು ಮೂರೇ ನಿಮಿಷದಲ್ಲಿ ಘೋಷಿಸಿಕೊಳ್ಳುತ್ತಾರೆ.

ನಿಯಮದ ಅತ್ಯಂತ ಅಪಾಯದ ಬಿರುಕು ಇರುವುದು ಎರಡನೆಯ ನಷ್ಟ ಮತ್ತು ಮೂರನೆಯ ನಷ್ಟದ ನಡುವೆ. ಎರಡು ನಷ್ಟವಾಗಿದೆ, ಮೂರನೆಯ ಪೊಸಿಷನ್ ತೆರೆದಿದೆ, ಅದೂ ಸ್ಟಾಪ್‌ಲಾಸ್‌ನತ್ತ ಜಾರುತ್ತಿದೆ. ಸ್ಟಾಪ್ ಹೊಡೆದರೆ ಹೋಗುವುದು ಸಾವಿರ ರೂಪಾಯಿ ಮಾತ್ರವಲ್ಲ, ಮುಂದಿನ ಒಂದು ಗಂಟೆಯೂ ಹೋಗುತ್ತದೆ. ಈಗ ನಿಯಮವೇ ಟ್ರೇಡರ್‌ನ ಕಿವಿಯಲ್ಲಿ ‘ಮುಚ್ಚಬೇಡ’ ಎಂದು ಪಿಸುಗುಟ್ಟುತ್ತದೆ. ಸ್ಟಾಪ್‌ಲಾಸ್ ಸ್ವಲ್ಪ ಕೆಳಗೆ ಸರಿಸಿದರೆ ನಷ್ಟ ‘ಆಗಿಲ್ಲ’, ಎಣಿಕೆ ಎರಡೇ ಇದೆ, ಬಾಗಿಲು ಮುಚ್ಚಿಲ್ಲ. ಕಾಗದದ ಮೇಲೆ ಮಾತ್ರ ಇರುವ ನಷ್ಟಕ್ಕೂ ನಿಜವಾಗಿ ತೆತ್ತ ನಷ್ಟಕ್ಕೂ ನಮ್ಮ ನಡವಳಿಕೆ ಬೇರೆಯಾಗಿರುತ್ತದೆಂದು ಅಲೆಕ್ಸ್ ಇಮಾಸ್ 2016ರ ತಮ್ಮ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಕಳೆದ ಹಣವನ್ನು ಕೈಯಿಂದ ಎಣಿಸಿ ಕೊಟ್ಟವರು ಮುಂದಿನ ಪಂದ್ಯದಲ್ಲಿ ಅಪಾಯ ಕಡಿಮೆ ಮಾಡಿದರು, ಇನ್ನೂ ಕೊಡದೆ ಲೆಕ್ಕದಲ್ಲೇ ಉಳಿಸಿಕೊಂಡವರು ಹೆಚ್ಚು ಮಾಡಿದರು. ಮುಚ್ಚದ ಮೂರನೆಯ ಪೊಸಿಷನ್ ಅಂಥದೇ ಕೊಡದ ಲೆಕ್ಕ. ಸತತ ನಷ್ಟದ ಎಣಿಕೆಯೊಂದನ್ನೇ ನೆಚ್ಚಿಕೊಂಡವರಲ್ಲಿ ಸಣ್ಣ ನಷ್ಟಗಳು ಕಡಿಮೆಯಾಗಿ, ಎಂದಾದರೊಮ್ಮೆ ಭಾರಿ ನಷ್ಟವೊಂದು ಕಾಣಿಸಿಕೊಂಡರೆ ಕಾರಣ ಇದೇ ಇರಬಹುದು. ಟ್ರೇಡ್‌ಬುಕ್‌ನಲ್ಲಿ ಅದರ ಗುರುತು ಸ್ಪಷ್ಟ: ಎರಡು ನಷ್ಟದ ನಂತರದ ಟ್ರೇಡ್‌ಗಳು ಉಳಿದವುಗಳಿಗಿಂತ ಹೆಚ್ಚು ಹೊತ್ತು ತೆರೆದಿರುತ್ತವೆ.

ಇದಕ್ಕೆ ಮದ್ದು ಎರಡು ಕಡೆಯಿಂದ ಹಾಕಬೇಕು. ಎಂಟ್ರಿಯ ಜೊತೆಗೇ ಸ್ಟಾಪ್‌ಲಾಸ್ ಆರ್ಡರ್ ಎಕ್ಸ್‌ಚೇಂಜ್‌ಗೆ ಹೋಗಿರಬೇಕು, ಮನಸ್ಸಿನಲ್ಲಿ ಇಟ್ಟುಕೊಂಡ ಸ್ಟಾಪ್ ಲೆಕ್ಕಕ್ಕಿಲ್ಲ. ಅದನ್ನು ಲಾಭದ ದಿಕ್ಕಿಗೆ ಸರಿಸಬಹುದು, ನಷ್ಟದ ದಿಕ್ಕಿಗೆ ಸರಿಸಿದರೆ ಆ ಕ್ಷಣವೇ ಅದನ್ನು ಒಂದು ನಷ್ಟವೆಂದು ಎಣಿಸಬೇಕು. ಎರಡನೆಯದಾಗಿ, ಎಣಿಕೆಯ ಪಕ್ಕದಲ್ಲಿ ಒಂದು ಮೊತ್ತವೂ ಇರಬೇಕು. ಮುಚ್ಚಿದ ಮತ್ತು ತೆರೆದಿರುವ ಎಲ್ಲ ಪೊಸಿಷನ್‌ಗಳ ನಷ್ಟ ಸೇರಿ 3,500 ರೂಪಾಯಿ ಮುಟ್ಟಿದರೆ, ಎಣಿಕೆ ಎಷ್ಟೇ ಇರಲಿ, ಎಲ್ಲವನ್ನೂ ಮುಚ್ಚಿ ವಿರಾಮ. ಆಗ ಪೊಸಿಷನ್ ತೆರೆದಿಟ್ಟುಕೊಂಡು ಪಡೆಯುವ ಲಾಭವೇನೂ ಉಳಿಯುವುದಿಲ್ಲ. 200 ರೂಪಾಯಿಯೊಳಗಿನ ಸಣ್ಣ ನಷ್ಟಗಳನ್ನು ಮತ್ತೆ ಮತ್ತೆ ಮಾಡಿ ಎಣಿಕೆಯಿಂದ ತಪ್ಪಿಸಿಕೊಳ್ಳುವವರೂ ಕೊನೆಗೆ ಈ ಬಲೆಗೆ ಬೀಳುತ್ತಾರೆ.

ವಿರಾಮ ಹೊಸ ಎಂಟ್ರಿಗೆ ಮಾತ್ರ ಎಂಬುದನ್ನು ಮರೆಯಬಾರದು. ಬೇರೊಂದು ಪೊಸಿಷನ್ ತೆರೆದಿದ್ದರೆ ಅದರ ಸ್ಟಾಪ್‌ಲಾಸ್ ಜಾಗದಲ್ಲೇ ಇರಬೇಕು, ಹೊರಬರುವ ದಾರಿ ಎಂದೂ ಮುಚ್ಚಬಾರದು. ಆದರೆ ಹೊಸ ಎಂಟ್ರಿಗೆಂದು ಮೊದಲೇ ಹಾಕಿಟ್ಟ ಬಾಕಿ ಆರ್ಡರ್‌ಗಳನ್ನು ರದ್ದು ಮಾಡಬೇಕು. ಇಲ್ಲದಿದ್ದರೆ ಟ್ರೇಡರ್ ಹೊರಗೆ ಕಾಫಿ ಕುಡಿಯುತ್ತಿರುವಾಗ ಅವರ ಹೆಸರಿನಲ್ಲೇ ನಾಲ್ಕನೆಯ ಟ್ರೇಡ್ ಶುರುವಾಗಿರುತ್ತದೆ.

ಸಾಧನಗಳೂ ನೆರವಿಗಿವೆ, ಅವುಗಳ ಅಳತೆ ಗೊತ್ತಿರಬೇಕು ಅಷ್ಟೆ. ಬೆಂಗಳೂರಿನ ಝೆರೋಧಾ ಸೇರಿದಂತೆ ಕೆಲವು ಬ್ರೋಕರ್‌ಗಳು ಕಿಲ್ ಸ್ವಿಚ್ ಎಂಬ ಸೌಲಭ್ಯ ಕೊಟ್ಟಿದ್ದಾರೆ. ಝೆರೋಧಾದಲ್ಲಿ ಒಂದು ವಿಭಾಗವನ್ನು, ಉದಾಹರಣೆಗೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಅನ್ನು, ಹೀಗೆ ಮುಚ್ಚಿದರೆ ಹನ್ನೆರಡು ಗಂಟೆಯವರೆಗೆ ಮತ್ತೆ ತೆರೆಯಲಾಗದು. ಒಂದು ಗಂಟೆಯ ವಿರಾಮಕ್ಕೆ ಇದು ಉದ್ದವಾಯಿತು. ‘ಆ ದಿನಕ್ಕೆ ಮುಗಿಯಿತು’ ಎಂಬ ಎರಡನೆಯ ಹಂತಕ್ಕೆ ಮಾತ್ರ ಹೇಳಿ ಮಾಡಿಸಿದಂತಿದೆ. ಒಂದು ಗಂಟೆಗೆ ಲಾಗ್‌ಔಟ್ ಮಾಡಿ, ಫೋನಿನಲ್ಲಿ ಅಲಾರಂ ಇಟ್ಟು, ಪರದೆಯಿಂದ ಎದ್ದು ಹೋಗುವುದೇ ದಾರಿ. ಒಂದೇ ಆಪ್ ಮುಚ್ಚಿ ಪ್ರಯೋಜನವಿಲ್ಲ ಎಂಬುದನ್ನೂ ಹೇಳಬೇಕು. ಎರಡು ಬ್ರೋಕರ್‌ಗಳಲ್ಲಿ ಖಾತೆ ಇರುವವರು, ಹೆಂಡತಿಯ ಅಥವಾ ತಂದೆಯ ಖಾತೆಯಲ್ಲೂ ಟ್ರೇಡ್ ಮಾಡುವವರು ಬಹಳ ಜನ. ಎಣಿಕೆ ಮನುಷ್ಯನದ್ದು, ಖಾತೆಯದ್ದಲ್ಲ. ಎಲ್ಲ ಖಾತೆಗಳ ಟ್ರೇಡ್‌ಗಳೂ ಒಂದೇ ಹಾಳೆಗೆ ಬರಬೇಕು.

ನಿಯಮ ಫಲ ಕೊಡುತ್ತಿದೆಯೇ ಎಂದು ಅಳೆಯುವಾಗ ಒಂದು ತಪ್ಪು ಪದೇಪದೇ ನಡೆಯುತ್ತದೆ. ವಿರಾಮದಲ್ಲಿ ಕೂತಿದ್ದಾಗ ಪೇಟೆ ತಾವು ಅಂದುಕೊಂಡ ದಿಕ್ಕಿಗೇ ಓಡಿತೆಂದರೆ, ‘ನಿಯಮದಿಂದ ಆರು ಸಾವಿರ ಹೋಯ್ತು’ ಎಂದು ಲೆಕ್ಕ ಹಾಕುತ್ತಾರೆ. ಕೈಬಿಟ್ಟ ಗೆಲುವು ನೆನಪಿನಲ್ಲಿ ಉಳಿಯುತ್ತದೆ, ತಪ್ಪಿದ ನಷ್ಟ ಉಳಿಯುವುದಿಲ್ಲ. ಆದ್ದರಿಂದ ಬಿಡಿ ದಿನಗಳನ್ನು ಬಿಟ್ಟು ಮೂರು ತಿಂಗಳಿಗೊಮ್ಮೆ ಮೂರು ಸಂಗತಿ ನೋಡಬೇಕು. ನಿಯಮಕ್ಕೆ ಮುಂಚಿನ ಅತಿ ಕೆಟ್ಟ ದಿನದ ನಷ್ಟ ಎಷ್ಟಿತ್ತು, ಈಗ ಎಷ್ಟಿದೆ? ನಷ್ಟದ ನಂತರದ ಟ್ರೇಡ್‌ಗಳಲ್ಲಿ ಲಾಟ್ ಹಿಗ್ಗುತ್ತಿದೆಯೇ? ನಷ್ಟದಿಂದ ಮುಂದಿನ ಎಂಟ್ರಿಗೆ ಇರುವ ಅಂತರ ಕುಗ್ಗುತ್ತಿದೆಯೇ? ನಮ್ಮ ಉದಾಹರಣೆಯವರಲ್ಲಿ ಕೆಟ್ಟ ದಿನ ಇಪ್ಪತ್ತು ಸಾವಿರದಿಂದ ನಾಲ್ಕೂವರೆ ಸಾವಿರದ ಆಸುಪಾಸಿಗೆ ಇಳಿದಿದ್ದರೆ ನಿಯಮ ಕೆಲಸ ಮಾಡುತ್ತಿದೆ. ಅಂತರ ಎರಡನೆಯ ನಷ್ಟದ ನಂತರವೇ ಕುಗ್ಗುತ್ತಿದ್ದರೆ ಎಣಿಕೆಯನ್ನು ಎರಡಕ್ಕೆ ಇಳಿಸುವುದು ಒಳ್ಳೆಯದು. ಆದರೆ ಇಂಥ ಬದಲಾವಣೆ ಪೇಟೆ ಮುಚ್ಚಿರುವ ಶನಿವಾರವೋ ಭಾನುವಾರವೋ ಆಗಬೇಕು, ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಜಾರಿಗೆ ಬರಬೇಕು.

ಇನ್ನೊಂದು ಮಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳಲೇಬೇಕು. ಈ ನಿಯಮ ಸೇಡಿನ ಟ್ರೇಡ್‌ಗಳನ್ನು ತೆಗೆಯುತ್ತದೆ, ಉಳಿದ ಟ್ರೇಡ್‌ಗಳನ್ನು ಉತ್ತಮಪಡಿಸುವುದಿಲ್ಲ. ಹಾಳೆಯಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ವಿರಾಮ ಮುರಿದು ಮಾಡಿದ, ಲಾಟ್ ಹೆಚ್ಚಿಸಿ ಮಾಡಿದ, ಐದು ನಿಮಿಷದೊಳಗೆ ನುಗ್ಗಿ ಮಾಡಿದ ಟ್ರೇಡ್‌ಗಳನ್ನೆಲ್ಲ ಅಳಿಸಿ, ಉಳಿದವುಗಳ ನಿವ್ವಳ ಮೊತ್ತ ಕೂಡಿ ನೋಡಿ. ನೂರಿನ್ನೂರು ಟ್ರೇಡ್‌ಗಳ ನಂತರವೂ ಅದು ನಷ್ಟದಲ್ಲೇ ಇದ್ದರೆ ತೊಂದರೆ ಇರುವುದು ಸಿಟ್ಟಿನಲ್ಲಲ್ಲ, ವಿಧಾನದಲ್ಲಿ. ಆಗ ವಿರಾಮದ ನಿಯಮ ನಷ್ಟವನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ಅಂಥ ಖಾತೆಗೆ ಬೇಕಾದದ್ದು ಒಂದು ಗಂಟೆಯ ವಿರಾಮವಲ್ಲ. ನೈಜ ಹಣದ ಟ್ರೇಡಿಂಗ್ ನಿಲ್ಲಿಸಿ, ಕಾಗದದ ಮೇಲೆ ಅದೇ ವಿಧಾನವನ್ನು ಮೊದಲಿನಿಂದ ಪರೀಕ್ಷಿಸುವುದು, ಅಲ್ಲೂ ಸೋತರೆ ಆಪ್ಷನ್ಸ್ ವಿಭಾಗವನ್ನೇ ಖಾತೆಯಿಂದ ತೆಗೆಸುವುದು.